ಅಜ್ಜಿಯ ಸಾರಿನಪುಡಿ: "ಜೀರಿಗೆ 1 ಚಟಾಕು" ಅಂದರೆ ಎಷ್ಟು ಗ್ರಾಂ?

ಹಾಸನದ_ಹುಡುಗಿ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಅಡುಗೆಗಳನ್ನೆಲ್ಲ ಒಂದೇ ರೀತಿಯಲ್ಲಿ ಬರೆದಿಡೋಣ ಅಂತ ಹೊರಟಿದ್ದೇನೆ. ಮೇಲೆ ಸಾಮಾನಿನ ಪಟ್ಟಿ, ಪಕ್ಕದಲ್ಲಿ ಗ್ರಾಂ, ಕೆಳಗೆ 1, 2, 3 ಅಂತ ಮಾಡುವ ಕ್ರಮ. ಮೂರು ಕಡೆಯಿಂದ ಬಂದ ಸರಕು ಇದೆ. ಅಜ್ಜಿಯ ನೋಟುಬುಕ್ಕು, ಅಮ್ಮನ ಡೈರಿ, ಪುತ್ತೂರಿಗೆ ಮದುವೆಯಾಗಿ ಹೋದ ದೊಡ್ಡಮ್ಮನ ವಾಟ್ಸಾಪ್ ಧ್ವನಿ ಸಂದೇಶಗಳು. ಎಲ್ಲ ಸೇರಿ ಸುಮಾರು 140 ಅಡುಗೆ.

ಮೊದಲನೇ ಪುಟದಲ್ಲೇ ಸಿಕ್ಕಿಕೊಂಡೆ. ಅಜ್ಜಿ ಬರೆದದ್ದು ಇಷ್ಟೇ:

"ಸಾರಿನಪುಡಿ. ಧನಿಯ 4 ಪಾವು. ಬ್ಯಾಡಗಿ ಕಾಲು ಕೆ.ಜಿ. ಜೀರಿಗೆ 1 ಚಟಾಕು. ಮೆಣಸು 1 ಚಟಾಕು. ಮೆಂತ್ಯ ಅರ್ಧ ಚಟಾಕು. ಸಾಸಿವೆ ಸ್ವಲ್ಪ. ಕರಿಬೇವು ಹಿಡಿ. ಇಂಗು ಅಡಿಕೆ ಗಾತ್ರ. ಎಲ್ಲ ಬೆಚ್ಚಗೆ ಹುರಿದು ಪುಡಿ ಮಾಡುವುದು."

ಪಾವು, ಕೆ.ಜಿ., ಚಟಾಕು, ಹಿಡಿ, ಅಡಿಕೆ, ಎಲ್ಲ ಒಂದೇ ಪುಡಿಯಲ್ಲಿ! ಅಜ್ಜಿ ಈಗ ಇಲ್ಲ. ಅವರ ಹಿತ್ತಾಳೆ ಪಾವು ಮಾತ್ರ ನಮ್ಮಲ್ಲಿದೆ. ಇದನ್ನು ಗ್ರಾಂಗೆ ತರುವುದು ಹೇಗೆ?

ಎಕ್ಸೆಲ್_ರಾಯ

ಇದು ಕಷ್ಟವೇ ಅಲ್ಲ ಮೇಡಂ. 1 ಪಾವು ಅಂದರೆ ಹತ್ತಿರ ಹತ್ತಿರ 1 ಕಪ್, 240 ಎಂ.ಎಲ್. ಅಂತ ಇಟ್ಟುಕೊಳ್ಳಿ. ಚಟಾಕು ಅಂದರೆ 5 ತೊಲ, 58 ಗ್ರಾಂ. ಒಂದು ಶೀಟಿನಲ್ಲಿ ಈ ಗುಣಕಗಳನ್ನು ಹಾಕಿಬಿಟ್ಟರೆ 140 ಅಡುಗೆಯೂ ಒಂದೇ ಸಂಜೆಯಲ್ಲಿ ಮುಗಿಯುತ್ತದೆ. 4 ಪಾವು ಧನಿಯ ಅಂದರೆ 960 ಗ್ರಾಂ ಆಯಿತು.

ಉಗ್ರಾಣ

ರಾಯರೇ, ನಿಮ್ಮ ಲೆಕ್ಕ ಅರ್ಧ ಸರಿ. 5 ತೊಲದ ಚಟಾಕು 58 ಗ್ರಾಂ ಅನ್ನೋದು ನಿಜ. ಆದರೆ 960 ಎಂ.ಎಲ್. ಧನಿಯ 960 ಗ್ರಾಂ ಆಗುವುದಿಲ್ಲ. ನೀರಾದರೆ ಆಗುತ್ತದೆ. ಧನಿಯ ಟೊಳ್ಳು ಕಾಳು, ಒಂದು ಕಪ್ಪಿಗೆ 80 ಗ್ರಾಂ ಆಸುಪಾಸು. ಅದೇ ಕಪ್ಪಿಗೆ ಮೆಂತ್ಯ ಹಾಕಿದರೆ ಅದರ ಎರಡರಷ್ಟಕ್ಕಿಂತ ಜಾಸ್ತಿ ತೂಗುತ್ತದೆ. ಹಾಗಾಗಿ ಒಂದೇ ಗುಣಕ ಇಟ್ಟುಕೊಂಡು ಇಡೀ ಪುಸ್ತಕ ಬದಲಾಯಿಸಲು ಆಗುವುದಿಲ್ಲ.

ನಾನು ಇಪ್ಪತ್ತು ವರ್ಷ ಮದುವೆ ಅಡುಗೆಯ ಉಗ್ರಾಣ ನೋಡಿಕೊಂಡವನು. ಅಲ್ಲಿ ಬರುವ ಭಟ್ಟರೆಲ್ಲ "ಎರಡು ಸೇರು" ಅನ್ನುತ್ತಿದ್ದರು. ಅಳತೆಯ ಸೇರಾ, ತೂಕದ ಸೇರಾ ಅಂತ ಕೇಳದೆ ನಾನು ಸಾಮಾನು ಕೊಡುತ್ತಿರಲಿಲ್ಲ.

ಹುಡುಗೀ, ನಿನ್ನ ಪಾವು ನಿನ್ನ ಕೈಯಲ್ಲೇ ಇದೆಯಲ್ಲ, ಅದೇ ದೊಡ್ಡ ಆಸ್ತಿ. ಅದನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ ಅಂಚಿನ ತನಕ ನೀರು ತುಂಬು. ಎಷ್ಟು ಗ್ರಾಂ ಬಂತೋ ಅಷ್ಟು ಎಂ.ಎಲ್. ಹಿಡಿಯುತ್ತೆ ಅಂತ ಲೆಕ್ಕ. ಆಮೇಲೆ ಒರೆಸಿ ಒಣಗಿಸಿ ಧನಿಯ ತುಂಬಿ ತೂಗು. ಕೈಯಲ್ಲಿ ಸವರಿ ಒಂದು ಸಲ, ಗೋಪುರ ಕಟ್ಟಿ ಒಂದು ಸಲ. ಎರಡನ್ನೂ ಬರೆದುಕೋ.

ಶ್ರೀ_ಹೋಂಫುಡ್ಸ್

ಮಾರಾಟಕ್ಕೆ ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಮೊದಲು ಮಾಡಿಸಿ. ಪ್ಯಾಕೆಟ್ ಮೇಲೆ ಸಾಮಾನುಗಳನ್ನು ಜಾಸ್ತಿ ತೂಕದ್ದರಿಂದ ಕಮ್ಮಿ ತೂಕದ್ದಕ್ಕೆ ಇಳಿಸುತ್ತಾ ಬರೆಯಬೇಕು. ನಾನು ಚಟ್ನಿಪುಡಿ ಮಾಡುತ್ತೇನೆ, ಬೇಕಾದರೆ ಹೇಳಿಕೊಡುತ್ತೇನೆ.

ಹಾಸನದ_ಹುಡುಗಿ

ಅಯ್ಯೋ, ಮಾರುವುದಕ್ಕಲ್ಲ ಅಕ್ಕಾ! ನನಗೂ ತಂಗಿಗೂ ಮಾಡಿಕೊಳ್ಳಲು ಬೇಕು ಅಷ್ಟೆ. ಆದರೂ ಜಾಸ್ತಿಯಿಂದ ಕಮ್ಮಿಗೆ ಬರೆಯುವ ಉಪಾಯ ಚೆನ್ನಾಗಿದೆ, ಪುಡಿಗಳಿಗೆ ಅದನ್ನೇ ಇಟ್ಟುಕೊಳ್ಳುತ್ತೇನೆ.

ಉಗ್ರಾಣದವರೇ, ತೂಗಿದೆ. ನೀರು 224 ಗ್ರಾಂ. ಧನಿಯ ಸವರಿದರೆ 74, ಗೋಪುರ ಕಟ್ಟಿದರೆ 86. ಅಮ್ಮನನ್ನು ಕೇಳಿದೆ. "ಅಜ್ಜಿ ಯಾವತ್ತೂ ತಲೆ ಸವರಿದ್ದನ್ನು ನಾನು ನೋಡಿಲ್ಲ" ಅಂದರು. ಅಂದರೆ 4 ಪಾವು ಧನಿಯ 344 ಗ್ರಾಂ. ರಾಯರ 960 ಹಾಕಿದ್ದರೆ ಸಾರು ಹುಲ್ಲಿನ ಕಷಾಯ ಆಗುತ್ತಿತ್ತು.

ಎಕ್ಸೆಲ್_ರಾಯ

ಒಪ್ಪಿದೆ ಒಪ್ಪಿದೆ. ಆದರೆ ಚಟಾಕು 58 ಗ್ರಾಂ ಅನ್ನೋದಾದರೂ ನಿಲ್ಲುತ್ತಲ್ಲ?

ಉಗ್ರಾಣ

ಅಲ್ಲೇ ಇರೋದು ನಿಜವಾದ ಗಂಟು. ಚಟಾಕು ತೂಕವೂ ಹೌದು, ಅಳತೆಯೂ ಹೌದು. ಅಂಗಡಿಯ ತಕ್ಕಡಿಯಲ್ಲಿ ಚಟಾಕು ಅಂದರೆ 58 ಗ್ರಾಂ. ಮನೆಯ ಡಬ್ಬದ ಮುಂದೆ ನಿಂತು ಚಟಾಕು ಅಂದರೆ ಕಾಲು ಪಾವು. ನಾಲ್ಕು ಚಟಾಕು ಒಂದು ಪಾವು, ನಾಲ್ಕು ಪಾವು ಒಂದು ಸೇರು. ಧನಿಯವನ್ನು ಪಾವಿನಲ್ಲಿ ಹೇಳಿದವರು ಜೀರಿಗೆಯನ್ನೂ ಅದೇ ಪಾತ್ರೆಯಲ್ಲಿ ಅಳೆದಿರಬಹುದು.

ಹುಡುಗೀ, ಜೀರಿಗೆ, ಮೆಣಸು, ಮೆಂತ್ಯ ಮೂರನ್ನೂ ಅದೇ ಪಾವಿನಲ್ಲಿ ಗೋಪುರ ಕಟ್ಟಿ ತೂಗು. ಜೀರಿಗೆ, ಮೆಣಸನ್ನು ನಾಲ್ಕರಿಂದ ಭಾಗಿಸು, ಮೆಂತ್ಯವನ್ನು ಎಂಟರಿಂದ.

ಹಾಸನದ_ಹುಡುಗಿ

ಜೀರಿಗೆ ಒಂದು ಪಾವಿಗೆ 110 ಗ್ರಾಂ, ಕಾಲು ಪಾವಿಗೆ 27. ಮೆಣಸು ಕಾಲು ಪಾವಿಗೆ 35. ಮೆಂತ್ಯ ಅರೆಕಾಲು ಪಾವಿಗೆ 24.

ಅಂದರೆ ಜೀರಿಗೆ 27 ಗ್ರಾಂ ಆಗಬಹುದು, 58 ಗ್ರಾಂ ಕೂಡ ಆಗಬಹುದು! ಎರಡರಷ್ಟಕ್ಕಿಂತ ಜಾಸ್ತಿ ವ್ಯತ್ಯಾಸ. ಮೆಂತ್ಯದಲ್ಲಿ ಮಾತ್ರ ಹೇಗೆ ಲೆಕ್ಕ ಹಾಕಿದರೂ ಹತ್ತಿರ ಹತ್ತಿರ ಬರುತ್ತೆ, 24 ಇಲ್ಲವೇ 29.

ಪುತ್ತೂರು_ಅಕ್ಕ

ನಡುವೆ ಬಾಯಿ ಹಾಕುತ್ತೇನೆ. ದೊಡ್ಡಮ್ಮ ಪುತ್ತೂರಿನಲ್ಲಿ ಇದ್ದಾರೆ ಅಂದಿರಲ್ಲ, ಅವರ ಸಂದೇಶಗಳಲ್ಲಿ "ಮೆಣಸು" ಅಂತ ಬಂದರೆ ಹುಷಾರು. ನಮ್ಮ ಕಡೆ ಮೆಣಸು ಅಂದರೆ ಒಣಮೆಣಸಿನಕಾಯಿ. ನೀವು ಹೇಳುವ ಮೆಣಸಿಗೆ ನಾವು ಒಳ್ಳೆಮೆಣಸು ಅನ್ನುತ್ತೇವೆ. ನನ್ನ ಮೈಸೂರಿನ ಸೊಸೆ ನಾನು ಬರೆದುಕೊಟ್ಟ ಕೊದ್ದೆಲ್‌ಗೆ "ಮೆಣಸು 8" ಅಂತ ನೋಡಿ ಎಂಟು ಕಾಳುಮೆಣಸು ಹಾಕಿದ್ದಳು. ಖಾರವೂ ಇಲ್ಲ, ಬಣ್ಣವೂ ಇಲ್ಲ. ಊಟ ಆದ ಮೇಲೆ ಗೊತ್ತಾಯಿತು.

ಆಮೇಲೆ ಕುಡ್ತೆ ಅಂತಲೂ ಬರುತ್ತೆ. ಅದು ನಿಮ್ಮ ಪಾವಿನಂತೆ ಅಂದುಕೊಳ್ಳಬೇಡಿ. ಅವರ ಮನೆಯ ಕುಡ್ತೆಗೇ ನೀರು ತುಂಬಿಸಿ ತೂಗಿಸಿ.

ಹಾಸನದ_ಹುಡುಗಿ

ಅಕ್ಕಾ, ನೀವು ಇದನ್ನು ಹೇಳದಿದ್ದರೆ ಎಡವುತ್ತಿದ್ದೆ. ದೊಡ್ಡಮ್ಮನ ಐದು ಸಂದೇಶಗಳಲ್ಲಿ ಬರೀ "ಮೆಣಸು" ಇದೆ. ಫೋನ್ ಮಾಡಿ ಕೇಳಿದೆ. ನಾಲ್ಕರಲ್ಲಿ ಒಣಮೆಣಸಿನಕಾಯಿ. ಒಂದು ಮಾತ್ರ ಕಾಳುಮೆಣಸು, ಯಾಕಂದರೆ ಅದು ಅಜ್ಜಿ ಹೇಳಿಕೊಟ್ಟದ್ದು, ಹಾಸನದ ಮಾತಿನಲ್ಲೇ ಹೇಳಿದ್ದರಂತೆ!

ವಗ್ಗರಣೆ_64

ನಮ್ಮ ಧಾರವಾಡದ ಕಡೆ ಧನಿಯಕ್ಕೆ ಹವೀಜ ಅಂತೇವೆ. ನೀವು ಎಲ್ಲರ ಅಡುಗೆಯನ್ನೂ ಒಂದೇ ಹೆಸರಿಗೆ ಇಳಿಸಿದರೆ ಅಜ್ಜಿಯ ಮಾತು ಎಲ್ಲಿ ಉಳಿಯಿತು? ಅಡುಗೆ ಅಂದರೆ ಕೈಗುಣ. ನನ್ನ ಅವ್ವ ಒಂದು ದಿನವೂ ತೂಗಿದವಳಲ್ಲ.

ಉಗ್ರಾಣ

ಯಜಮಾನರೇ, ನಿಮ್ಮ ಅವ್ವ ತೂಗುತ್ತಿದ್ದರು, ತಕ್ಕಡಿ ಮಾತ್ರ ಅಂಗೈಯಲ್ಲಿತ್ತು. ಅದು ಎಷ್ಟು ಪಕ್ಕಾ ಇತ್ತು ಅಂತ ನೋಡುವ ಒಂದು ಉಪಾಯ ಇದೆ, ನಾನು ಭಟ್ಟರ ಹತ್ತಿರ ಕಲಿತದ್ದು.

"ಎಷ್ಟು ಹಾಕ್ತೀರಿ" ಅಂತ ಕೇಳಬಾರದು. ಕೇಳಿದ ಕೂಡಲೇ ಅವರು ಯೋಚಿಸಿ ಏನೋ ಒಂದು ಹೇಳಿಬಿಡುತ್ತಾರೆ. ಅವರ ಕೈಗೆ ತಕ್ಕಡಿಯನ್ನೂ ಕೊಡಬಾರದು, ಕೈ ಬಿಗಿಯಾಗುತ್ತೆ. ಅಡುಗೆಗೆ ಮುಂಚೆ ಪ್ರತಿ ಡಬ್ಬವನ್ನೂ ನೀವು ಸಾಮಾನಿನ ಸಮೇತ ತೂಗಿ ಚೀಟಿ ಅಂಟಿಸಿಡಿ. ಅವರು ಎಂದಿನಂತೆ ಅಡುಗೆ ಮಾಡಲಿ. ಮುಗಿದ ಮೇಲೆ ಡಬ್ಬವನ್ನು ಮತ್ತೆ ತೂಗಿ. ಕಮ್ಮಿಯಾದದ್ದೇ ಅವರ ಅಳತೆ. ಉಪ್ಪು, ಎಣ್ಣೆ, ಬೆಲ್ಲ, ಹುಣಸೆಹಣ್ಣು, ಎಲ್ಲಕ್ಕೂ ಇದೇ.

ಮೂರು ಸಲ ಮಾಡಿ. ಮೂರೂ ಹತ್ತಿರ ಬಂದರೆ ನಡುವಿನದನ್ನು ಬರೆಯಿರಿ. ತುಂಬಾ ಹೆಚ್ಚುಕಮ್ಮಿ ಬಂದರೆ, ಅದು ರುಚಿ ನೋಡಿ ಹಾಕುವ ಸಾಮಾನು ಅಂತ ಅರ್ಥ. ಅಲ್ಲಿ "20ರಿಂದ 30 ಗ್ರಾಂ, ಹುಳಿ ನೋಡಿಕೊಂಡು" ಅಂತ ಬರೆಯಿರಿ.

ಹಾಸನದ_ಹುಡುಗಿ

ಹೋದ ವಾರ ಇದನ್ನು ಹುಣಸೆಹಣ್ಣಿಗೆ ಮಾಡಿ ನೋಡಿದೆ. ಅಮ್ಮನ "ನಿಂಬೆ ಗಾತ್ರ" ಮೂರು ದಿನ 22, 31, 27 ಗ್ರಾಂ. 31 ಬಂದ ದಿನ ಅಮ್ಮ ಹೊಸ ಹುಣಸೆಹಣ್ಣು ಒಡೆದಿದ್ದರು. ಮೆತ್ತಗೆ, ಜಿಗುಟು, ಅದುಮಿದರೆ ಉಂಡೆ ಗಟ್ಟಿ. 22 ಬಂದ ದಿನ ಡಬ್ಬದ ತಳದ ಒಣಗಿದ ಕಪ್ಪು ಹಣ್ಣು, ನಾರೆಲ್ಲ ಎದ್ದಿತ್ತು. ಗಾತ್ರ ಕಣ್ಣಿಗೆ ಒಂದೇ!

ಇವತ್ತು ಸಾರಿನಪುಡಿಯ ಸರದಿ. ಅಮ್ಮ ಅರ್ಧ ಕೆ.ಜಿ. ಧನಿಯ ಪ್ಯಾಕೆಟ್ ಒಡೆದು, ಅದಕ್ಕೆ ತಕ್ಕಷ್ಟು ಜೀರಿಗೆ ಹಾಕಿದರು. ಡಬ್ಬದಲ್ಲಿ 48 ಗ್ರಾಂ ಕಮ್ಮಿಯಾಗಿತ್ತು. ತಿರುಗಿ ಸುರಿದು ಇನ್ನೆರಡು ಸಲ ತೆಗೆಸಿದೆ, 55, 44. "ನಿನಗೆ ಬೇರೆ ಕೆಲಸ ಇಲ್ವಾ" ಅಂತ ಬೈಸಿಕೊಂಡದ್ದೂ ಆಯಿತು.

ಎಕ್ಸೆಲ್_ರಾಯ

ಹಾಗಾದರೆ ಧನಿಯವನ್ನು 100 ಅಂತ ಇಟ್ಟು ಎಲ್ಲವನ್ನೂ ಅದಕ್ಕೆ ಹೋಲಿಸಿ. ಆಗ ಯಾರು ಎಷ್ಟು ಮಾಡಿದರೂ ಪಕ್ಕಪಕ್ಕ ಇಟ್ಟು ನೋಡಬಹುದು. ಅಜ್ಜಿಯದು ಅಳತೆ ಚಟಾಕಾದರೆ 344ಕ್ಕೆ 27, ಅಂದರೆ 100ಕ್ಕೆ 8. ತೂಕದ ಚಟಾಕಾದರೆ 17. ಅಮ್ಮನದು ಸರಾಸರಿ 49, 100ಕ್ಕೆ 10. ಅಮ್ಮ ಅಜ್ಜಿಯಿಂದಲೇ ಕಲಿತದ್ದು ಅಲ್ವಾ? 10 ಅನ್ನೋದು 8ಕ್ಕೆ ಹತ್ತಿರ. ಅಳತೆ ಚಟಾಕೇ ಅಂತ ನನ್ನ ಓಟು.

ಉಗ್ರಾಣ

ಈ ಸಲ ರಾಯರು ಗೆದ್ದರು. 100ಕ್ಕೆ ಇಳಿಸುವುದು ಪುಡಿಗಳಿಗೆ ತುಂಬಾ ಒಳ್ಳೆಯದು. ಆದರೆ ನೋಟುಬುಕ್ಕಿನಲ್ಲೇ ಇನ್ನೊಂದು ಸಾಕ್ಷಿ ಹುಡುಕು. ಎಲ್ಲಾದರೂ "ಎಣ್ಣೆ 1 ಚಟಾಕು" ಅಂತ ಬರೆದಿದ್ದರೆ ಅವರ ಕೈಗೆ ಚಟಾಕು ಅಳತೆ ಅಂತ ತಿಳಿಯಬಹುದು, ಮನೆಯಲ್ಲಿ ಎಣ್ಣೆಯನ್ನು ತೂಗುವವರು ಕಮ್ಮಿ.

ಮೆಲ್ಬೋರ್ನ್_ಕನ್ನಡಿಗ

ಅಳತೆಯ ಗೋಳು ನನ್ನದೂ ಇದೆ. ಅತ್ತೆಯವರು ಬೆಂಗಳೂರಿನಿಂದ "ಒಂದು ಕಪ್ ಅಕ್ಕಿ, ಒಂದು ದೊಡ್ಡ ಚಮಚ ಪುಡಿ" ಅಂತ ಕಳಿಸಿದ್ದರು. ಅವರ ಕಪ್ ರೈಸ್ ಕುಕ್ಕರ್ ಜೊತೆ ಬಂದದ್ದು, 180 ಎಂ.ಎಲ್. ನನ್ನದು ಇಲ್ಲಿಯ 250ರ ಕಪ್. ದೊಡ್ಡ ಚಮಚ ಬಹಳ ಕಡೆ 15 ಎಂ.ಎಲ್., ಆಸ್ಟ್ರೇಲಿಯಾದಲ್ಲಿ 20. ಬಿಸಿಬೇಳೆಬಾತ್ ನಾಲ್ಕು ಸಲ ನಾಲ್ಕು ಥರ ಆಯಿತು. ಕೊನೆಗೆ ಅವರ ಕಪ್ಪನ್ನೇ ತರಿಸಿಕೊಂಡೆ.

ಬೇಳೆಯದೂ ಒಂದು ಪ್ರಶ್ನೆ. "ನೆನೆಸಿದ ಕಡಲೆಬೇಳೆ 1 ಕಪ್" ಅಂದರೆ ನೆನೆಸುವ ಮುಂಚೆಯ ಕಪ್ಪಾ, ಆಮೇಲಿನದಾ?

ಉಗ್ರಾಣ

ಅದನ್ನು ಬರೆದವರೇ ಹೇಳಬೇಕು. ನೆನೆದ ಬೇಳೆ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ, ಅಂಬೊಡೆಯಲ್ಲಿ ತಪ್ಪಿದರೆ ಅಷ್ಟೂ ತಪ್ಪಿತು. ಅದಕ್ಕೆ ಒಂದು ನಿಯಮ ಇಟ್ಟುಕೊಳ್ಳಿ. ಮೊದಲು ಸಾಮಾನು, ಆಮೇಲೆ ತೂಕ, ಆಮೇಲೆ ತೂಗುವಾಗ ಅದು ಯಾವ ಸ್ಥಿತಿಯಲ್ಲಿತ್ತು ಅನ್ನೋದು. "ಕಡಲೆಬೇಳೆ, 200 ಗ್ರಾಂ, ಒಣಗಿದ್ದು." ನೆನೆಸುವುದು ಪಟ್ಟಿಯಲ್ಲಿ ಬರಬಾರದು, ಕ್ರಮದ 1ನೇ ಸಂಖ್ಯೆಗೆ ಹೋಗಲಿ. ತೆಂಗಿನಕಾಯಿಗೂ ಹಾಗೆ, "1 ಹೋಳು" ಬೇಡ, ತುರಿದ ಮೇಲಿನ ಗ್ರಾಂ ಬರೆಯಿರಿ. ಬ್ಯಾಡಗಿಗೆ ತೊಟ್ಟು ತೆಗೆದ ಮೇಲಾ ಮುಂಚೆಯಾ ಅಂತ ಬರೆಯಿರಿ.

ಹಾಸನದ_ಹುಡುಗಿ

ಎಣ್ಣೆ ಸಿಕ್ಕಿತು! ಚಕ್ಕುಲಿ ಪುಟದಲ್ಲಿ "ಕಾದ ಎಣ್ಣೆ 1 ಚಟಾಕು". ಅಳತೆಯ ಕಡೆ ವಾಲಿದೆ.

ಆದರೆ ದೊಡ್ಡಮ್ಮ ಒಪ್ಪುತ್ತಿಲ್ಲ. "ಅಂಗಡಿಯಿಂದ ಜೀರಿಗೆ ಚಟಾಕು ಚಟಾಕಾಗಿ ಪೊಟ್ಟಣದಲ್ಲಿ ತರುತ್ತಿದ್ದವಳು ನಾನು, ಪೊಟ್ಟಣ ಪೂರ್ತಿ ಹಾಕುತ್ತಿದ್ದರು" ಅಂತಾರೆ. ಅವರ ಪುಡಿಯಲ್ಲಿ ಜೀರಿಗೆ 100ಕ್ಕೆ 17ರ ಹತ್ತಿರವೇ ಇದೆ, ಡಬ್ಬ ತೂಗಿಸಿ ನೋಡಿದೆ.

ಎಕ್ಸೆಲ್_ರಾಯ

ನೋಟುಬುಕ್ಕಿನಲ್ಲಿ ಕೆ.ಜಿ. ಇದೆಯಲ್ಲ. ಮೆಟ್ರಿಕ್ ಕಾಯ್ದೆ ಬಂದದ್ದು 1956ರಲ್ಲಿ. ಕೆ.ಜಿ. ಬಂದ ಮೇಲೆ ಅಂಗಡಿಯಲ್ಲಿ ಚಟಾಕು ಎಲ್ಲಿರುತ್ತೆ? ದೊಡ್ಡಮ್ಮನ ನೆನಪು ತಪ್ಪು.

ಉಗ್ರಾಣ

ಅಷ್ಟು ಸಲೀಸಲ್ಲ. ಕಾಯ್ದೆ 1956ರದ್ದಾದರೂ ಕೆ.ಜಿ. ಎಲ್ಲ ಕಡೆ ಹಂತ ಹಂತವಾಗಿ ಬಂತು. ತಕ್ಕಡಿಯ ಬಟ್ಟು ಬದಲಾದ ಮೇಲೂ ಬಾಯಲ್ಲಿ ಚಟಾಕು ಉಳಿದಿತ್ತು. ನಾನು ಚಿಕ್ಕವನಿದ್ದಾಗ ಅಂಗಡಿಯಲ್ಲಿ ಚಟಾಕು ಅಂದರೆ 50 ಗ್ರಾಂ ಕಟ್ಟಿಕೊಡುತ್ತಿದ್ದರು. ದೊಡ್ಡಮ್ಮನ ಪೊಟ್ಟಣ ಅದೂ ಇರಬಹುದು.

ಇದನ್ನು ಮಾತಲ್ಲಿ ತೀರಿಸಲು ಆಗಲ್ಲ. 100 ಗ್ರಾಂ ಧನಿಯ ಇಟ್ಟು ಎರಡು ಪುಡಿ ಮಾಡು, ಜೀರಿಗೆ ಒಂದಕ್ಕೆ 8, ಇನ್ನೊಂದಕ್ಕೆ 17. ಉಳಿದದ್ದು ಕೂದಲಷ್ಟೂ ಬದಲಾಗಬಾರದು. ಒಂದೇ ಬೇಳೆಕಟ್ಟಿನಲ್ಲಿ ಎರಡು ಸಾರು ಮಾಡಿ, ಯಾವುದು ಯಾವುದು ಅಂತ ಹೇಳದೆ ಕೊಡು.

ಹಾಸನದ_ಹುಡುಗಿ

ಮಾಡಿದೆ. ಕ್ರಮ ಬರೆಯಲು ಅಮ್ಮ ಹುರಿಯುವುದನ್ನು ವಿಡಿಯೋ ಮಾಡಿಕೊಂಡೆ. "ಎಲ್ಲ ಬೆಚ್ಚಗೆ ಹುರಿದು" ಅನ್ನೋ ಒಂದು ಸಾಲಿನೊಳಗೆ ಎಷ್ಟೊಂದು ಇತ್ತು! ಮೊದಲು 17 ಹಂತ ಬರೆದಿದ್ದೆ. ಅಮ್ಮ ಓದಿ ನಕ್ಕರು. ಬಾಣಲೆಗೆ ಹೊಸದೊಂದು ಬೀಳುವಾಗ ಮಾತ್ರ ಹೊಸ ಸಂಖ್ಯೆ ಅಂತ ಮಾಡಿಕೊಂಡೆ, 8ಕ್ಕೆ ಇಳಿಯಿತು.

ಸಾರಿನಪುಡಿ (ಅಜ್ಜಿಯದು, ಪುಟ 1)

ಧನಿಯ: 100 ಗ್ರಾಂ
ಬ್ಯಾಡಗಿ ಮೆಣಸಿನಕಾಯಿ: 73 ಗ್ರಾಂ, ತೊಟ್ಟು ತೆಗೆಯುವ ಮುಂಚೆ
ಕಾಳುಮೆಣಸು: 10 ಗ್ರಾಂ
ಜೀರಿಗೆ: 8 ಅಥವಾ 17 ಗ್ರಾಂ (ಕೆಳಗೆ ನೋಡಿ)
ಕರಿಬೇವು: 8 ಗ್ರಾಂ, ಕಡ್ಡಿ ಬಿಡಿಸಿದ ಹಸಿ ಎಲೆ
ಮೆಂತ್ಯ: 7 ಗ್ರಾಂ
ಸಾಸಿವೆ: 5 ಗ್ರಾಂ (ಅಜ್ಜಿಯ "ಸ್ವಲ್ಪ", ಅಮ್ಮನ ಕೈಯಳತೆ)
ಗಟ್ಟಿ ಇಂಗು: 2 ಗ್ರಾಂ

1. ದಪ್ಪ ತಳದ ಬಾಣಲೆ, ಸಣ್ಣ ಉರಿ. ಮೆಂತ್ಯ ಹುರಿಯಿರಿ. ಹಳದಿ ಹೋಗಿ ಕೆಂಪಗಾದ ಕೂಡಲೇ ತೆಗೆಯಿರಿ. ಕಂದು ಆದರೆ ಇಡೀ ಪುಡಿ ಕಹಿ.
2. ಸಾಸಿವೆ. ಮೊದಲ ಐದಾರು ಕಾಳು ಸಿಡಿದಾಗ ತೆಗೆಯಿರಿ.
3. ಧನಿಯ. ಕೈಗೆತ್ತಿ ಅದುಮಿದರೆ ಗರಿಗರಿಯಾಗಿ ಒಡೆಯಬೇಕು.
4. ಕಾಳುಮೆಣಸು. ಘಾಟು ಬರುವವರೆಗೆ.
5. ಒಲೆ ಆರಿಸಿ ಜೀರಿಗೆ ಹಾಕಿ. ಬಾಣಲೆಯ ಬಿಸಿಯೇ ಸಾಕು. ಆಮೇಲೆ ತೆಗೆದಿಡಿ.
6. ಮತ್ತೆ ಒಲೆ ಹಚ್ಚಿ ಕರಿಬೇವು. ಮುರಿದರೆ ಚಟ್ ಅನ್ನಬೇಕು, ಬಾಗಬಾರದು. ಹಸಿ ಉಳಿದರೆ ಪುಡಿ ಗಂಟು ಕಟ್ಟುತ್ತೆ.
7. ನಾಲ್ಕು ಹನಿ ಎಣ್ಣೆ, ಇಂಗು, ತೊಟ್ಟು ತೆಗೆದ ಬ್ಯಾಡಗಿ. ಇಂಗು ಉಬ್ಬಿ, ಕಾಯಿ ಗರಿಯಾದರೆ ಸಾಕು, ಬಣ್ಣ ಕಪ್ಪಾಗಬಾರದು.
8. ಪೂರ್ತಿ ಆರಿದ ಮೇಲೆ ಪುಡಿ ಮಾಡಿ.

ವಗ್ಗರಣೆ_64

ನಿಮಿಷ ಎಲ್ಲಿ? ಗ್ರಾಂ ಹಾಕಿದವರು ನಿಮಿಷವನ್ನೂ ಹಾಕಬೇಕಲ್ಲ.

ಹಾಸನದ_ಹುಡುಗಿ

ಬೇಕಂತಲೇ ಬಿಟ್ಟೆ ಸರ್. ವಿಡಿಯೋದಲ್ಲಿ ಧನಿಯಕ್ಕೆ 6 ನಿಮಿಷ ಆಗಿತ್ತು. ನನ್ನ ಬೆಂಗಳೂರಿನ ಒಲೆಯಲ್ಲಿ, ತೆಳು ಬಾಣಲೆಯಲ್ಲಿ, ನಾಲ್ಕಕ್ಕೇ ಕಪ್ಪಾಗತೊಡಗಿತು.

ಉಗ್ರಾಣ

ಸರಿ ಮಾಡಿದೆ. ಹುರಿಯುವುದಕ್ಕೆ ಗುರುತೇ ಗಡಿಯಾರ. ಪಾಕಕ್ಕೂ ಅಷ್ಟೇ, ಥರ್ಮಾಮೀಟರ್ ನಂಬಿ ಡಿಗ್ರಿ ಬರೆದರೂ ಎಡವುತ್ತೀರಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ನೀರು 97 ಡಿಗ್ರಿಗೇ ಕುದಿಯುತ್ತೆ. ಅದೇ ಎಳೆಪಾಕ ಮಂಗಳೂರಿನಲ್ಲಿ ತೋರಿಸುವುದಕ್ಕಿಂತ ಇಲ್ಲಿ ಸುಮಾರು 3 ಡಿಗ್ರಿ ಕಮ್ಮಿ ತೋರಿಸುತ್ತೆ. "ಎರಡು ಬೆರಳ ನಡುವೆ ಒಂದೆಳೆ" ಅಂತ ಬರೆದರೆ ಎರಡು ಊರಲ್ಲೂ ನಡೆಯುತ್ತೆ.

ಇನ್ನೊಂದು. 2 ಗ್ರಾಂ ಇಂಗನ್ನು ಹೇಗೆ ತೂಗಿದೆ? ಮನೆಯ ತಕ್ಕಡಿ ಅಷ್ಟು ಸಣ್ಣದನ್ನು ಸರಿಯಾಗಿ ಹಿಡಿಯಲ್ಲ.

ಹಾಸನದ_ಹುಡುಗಿ

ಅಡಿಕೆ ಗಾತ್ರದ ಇಂಗು ಐದು ಚೂರು ಒಟ್ಟಿಗೆ ತೂಗಿ, ಐದರಿಂದ ಭಾಗಿಸಿದೆ. 7 ಬಂತು. 344ಕ್ಕೆ 7 ಅಂದರೆ 100ಕ್ಕೆ 2. ಚಿಟಿಕೆಗೂ ಹೀಗೇ, ಹತ್ತು ಚಿಟಿಕೆ ಕಾಗದದ ಮೇಲೆ ಹಾಕಿಸಿದ್ದೆ.

ಪುತ್ತೂರು_ಅಕ್ಕ

ಅದೆಲ್ಲ ಇರಲಿ, ಎರಡು ಸಾರಿನದು ಏನಾಯಿತು ಹೇಳಿ!

ಹಾಸನದ_ಹುಡುಗಿ

ದೊಡ್ಡಮ್ಮ ಹಬ್ಬಕ್ಕೆ ಬಂದಿದ್ದರು. ಅಮ್ಮ 8ರದ್ದನ್ನು ಕುಡಿದು "ಇದೇ ಅಜ್ಜಿಯದು" ಅಂದರು. ದೊಡ್ಡಮ್ಮ 17ರದ್ದನ್ನು ಕುಡಿದು ಅದೇ ಮಾತು ಅಂದರು. ಮಾವ ಮಾತ್ರ ಎರಡೂ ಅಲ್ಲ, ಅಜ್ಜಿಯದರಲ್ಲಿ ಇನ್ನೂ ಖಾರ ಇತ್ತು ಅಂದರು.

ಸದ್ಯಕ್ಕೆ ಪಟ್ಟಿಯಲ್ಲಿ ಎರಡೂ ಅಂಕಿ ಹೆಸರಿನ ಸಮೇತ ಇರುತ್ತವೆ. ಅಜ್ಜಿಯ ಪುಟದ ಫೋಟೋ ಕೆಳಗೆ ಅಂಟಿಸಿದ್ದೇನೆ. ವಗ್ಗರಣೆ ಸರ್, ಅಜ್ಜಿಯ ಮಾತು ಅಲ್ಲೇ ಇದೆ, ಒಂದಕ್ಷರ ತಿದ್ದಿಲ್ಲ.

ವಗ್ಗರಣೆ_64

ಹಾಗಿದ್ದರೆ ಸರಿ. ಮಾವ ಹೇಳಿದ ಖಾರದ ಮಾತನ್ನೂ ಬರೆದಿಡಿ. ಅಜ್ಜಿ ಬ್ಯಾಡಗಿ ಜೊತೆ ಬೇರೆ ಕಾಯಿ ಬೆರೆಸುತ್ತಿದ್ದರೋ ಏನೋ.

ಉಗ್ರಾಣ

ಹುಡುಗೀ, ಕೊನೆಯದಾಗಿ ಒಂದು. ಆ ಪಾವನ್ನು ತಿರುಗಿಸಿ ತಳ ನೋಡು. ಹಳೇ ಹಿತ್ತಾಳೆ ಪಾವುಗಳು ಬಿದ್ದು ಬಿದ್ದು ತಳ ಒಳಕ್ಕೆ ಹೋಗಿರುತ್ತೆ. ಹಾಗಿದ್ದರೆ ಅಜ್ಜಿಯ ಕಾಲದಲ್ಲಿ 224ಕ್ಕಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತಿತ್ತು.

ಹಾಸನದ_ಹುಡುಗಿ

ನೋಡಿದೆ. ಹೆಬ್ಬೆರಳು ಕೂರುವಷ್ಟು ತಗ್ಗು ಇದೆ! ಅಮ್ಮ ಹೇಳ್ತಾರೆ ಅದು ತಾನು ಹುಟ್ಟುವುದಕ್ಕೆ ಮುಂಚೆಯೇ ಇತ್ತು ಅಂತ. ದೊಡ್ಡಮ್ಮ ಹೇಳ್ತಾರೆ ಅದನ್ನು ಬಾವಿಕಟ್ಟೆ ಮೇಲೆ ಬೀಳಿಸಿದ್ದೇ ಅಮ್ಮ ಅಂತ.